ಹಿರಿಯ ಸೆಟ್ಟರ್ ಮತ್ತು ನಾನು ಓದಿದ ಮೂರು ಪುಸ್ತಕಗಳು

ಪೀಣ್ಯದ ಒಂದು ಮಷೀನ್ ಶಾಪ್‌ನಲ್ಲಿ ಆರು ವರ್ಷ ಸಿಎನ್‌ಸಿ ಆಪರೇಟರ್ ಆಗಿದ್ದ ನನಗೆ 31ನೆಯ ವಯಸ್ಸಿನಲ್ಲಿ ಸೂಪರ್‌ವೈಸರ್ ಆಗಿ ಬಡ್ತಿ ಸಿಕ್ಕಿತು. ನನ್ನ ಲೈನಿನ ಹನ್ನೊಂದು ಜನರಲ್ಲಿ ಏಳು ಮಂದಿ ನನಗಿಂತ ಹಿರಿಯರು. ಅವರಲ್ಲೊಬ್ಬರು, ನನಗೆ ಟೂಲಿನ ಸ್ಥಾನವನ್ನು ಸರಿಹೊಂದಿಸುವ ಟೂಲ್ ಆಫ್‌ಸೆಟ್ ಹಾಕುವುದನ್ನು ಪಕ್ಕದಲ್ಲಿ ನಿಂತು ಕಲಿಸಿದ ಸೆಟ್ಟರ್, 26 ವರ್ಷ ಇದೇ ಕೆಲಸದಲ್ಲಿದ್ದವರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ಏಕವಚನದಲ್ಲಿ ಮಾತನಾಡಿಸುತ್ತಿದ್ದರು. ಬಡ್ತಿಯ ಆದೇಶ ನೋಟಿಸ್ ಬೋರ್ಡಿಗೆ ಬಂದ ಮರುದಿನ ಬೆಳಿಗ್ಗೆ ಅವರು ‘ನಮಸ್ಕಾರ ಸರ್’ ಎಂದರು. ಅದಕ್ಕೆ ಹೇಗೆ ಉತ್ತರಿಸಬೇಕೆಂದೇ ನನಗೆ ತೋಚಲಿಲ್ಲ. ಹೇಳಿಕೊಡುವವರು ಯಾರೂ ಇರಲಿಲ್ಲವಾದ್ದರಿಂದ ಪುಸ್ತಕಗಳನ್ನು ಹುಡುಕಿಕೊಂಡು ಹೋದೆ.

ಮೊದಲು ಕೈಗೆ ಬಂದದ್ದು ಮೈಕೆಲ್ ವಾಟ್ಕಿನ್ಸ್ ಅವರ ‘ದಿ ಫಸ್ಟ್ 90 ಡೇಸ್’. ಹೊಸ ಹುದ್ದೆಗೆ ಬಂದವರು ಮೊದಲ ಮೂರು ತಿಂಗಳಲ್ಲಿ ಏನು ಮಾಡಬೇಕು ಎಂಬುದನ್ನು ಅದು ಕ್ರಮವಾಗಿ ಹೇಳುತ್ತದೆ. ಅದರಲ್ಲಿ ಬೇಗನೆ ಒಂದೆರಡು ಗೆಲುವುಗಳನ್ನು ಸಾಧಿಸಿ ತೋರಿಸಬೇಕೆನ್ನುವ ಅಧ್ಯಾಯ ನನ್ನ ಮನಸ್ಸಿನಲ್ಲಿ ನಿಂತಿತು. ಅದಕ್ಕಿಂತ ಮೊದಲೇ ಬರುವ, ಬೇಗನೆ ಕಲಿತುಕೊಳ್ಳುವುದನ್ನು ಕುರಿತ ಅಧ್ಯಾಯವನ್ನು ನಾನು ಓದಿದ್ದೆನಾದರೂ, ಅದೇ ಲೈನಿನಲ್ಲಿ ಆರು ವರ್ಷ ಇದ್ದವನಿಗೆ ಕಲಿಯಲು ಇನ್ನೇನಿದೆ ಎಂದುಕೊಂಡೆ. ತಪ್ಪಾದದ್ದು ಅಲ್ಲಿಯೇ. ಆಪರೇಟರ್ ಆಗಿ ನಾನು ನನ್ನ ಮಷೀನನ್ನು ಬಲ್ಲವನಾಗಿದ್ದೆನೇ ಹೊರತು ಪಕ್ಕದ ಮಷೀನಿನವರು ತಮ್ಮ ಕೆಲಸವನ್ನು ಯಾಕೆ ಹಾಗೆ ಮಾಡುತ್ತಾರೆಂಬುದನ್ನು ಎಂದೂ ಕೇಳಿರಲಿಲ್ಲ.

ಮೂರನೆಯ ವಾರ ನಾನು ನನ್ನ ‘ಗೆಲುವನ್ನು’ ಆರಿಸಿಕೊಂಡೆ. ನಮ್ಮಲ್ಲಿ ಒಂದು ಉಕ್ಕಿನ ಫ್ಲ್ಯಾಂಜ್ ತಯಾರಾಗುತ್ತಿತ್ತು. ಅದರ ನಡುವಿನ ರಂಧ್ರವಾದ ಬೋರ್ 30 ಎಚ್7, ಅಂದರೆ ಅದರ ವ್ಯಾಸ 30.000 ಮತ್ತು 30.021 ಮಿಲಿಮೀಟರ್‌ಗಳ ನಡುವೆ ಇರಬೇಕು. ಅಣ್ಣ ಮಷೀನಿನಿಂದ ಪೀಸು ತೆಗೆದು, ಸ್ವಲ್ಪ ಹೊತ್ತು ಬದಿಗಿಟ್ಟು, ಆಮೇಲೆ ಬೋರ್ ಗೇಜ್ ಹಾಕುತ್ತಿದ್ದರು. ಅಳತೆ ಸಿಗುವವರೆಗೆ ಮುಂದಿನ ಪೀಸು ಹಾಕುತ್ತಿರಲಿಲ್ಲ. ಇದು ಸಮಯ ಪೋಲು ಎಂದು ತೀರ್ಮಾನಿಸಿ, ಪೀಸು ಹೊರಬಂದ ಕೂಡಲೇ ಅಳೆಯಬೇಕೆಂದು ಎರಡೂ ಶಿಫ್ಟಿಗೆ ಹೇಳಿದೆ. ಅಣ್ಣ ‘ಆಯ್ತು ಸರ್’ ಎಂದರು, ವಾದಿಸಲಿಲ್ಲ. ಹಿರಿಯ ಕೆಲಸಗಾರರ ಮೇಲೆ ಹೊಸದಾಗಿ ನೇಮಕವಾದವರಿಗೆ ನಾನು ಹೇಳಬೇಕಾದ ಮಾತೊಂದಿದ್ದರೆ ಅದು ಇದೇ: ಅಷ್ಟು ಬೇಗ ಬರುವ ‘ಆಯ್ತು ಸರ್’ ಒಪ್ಪಿಗೆಯಲ್ಲ. ಅನುಭವಸ್ಥರು ಒಪ್ಪಿದಾಗ ಒಂದಾದರೂ ಪ್ರಶ್ನೆ ಕೇಳುತ್ತಾರೆ.

ಆ ವಾರ ಉತ್ಪಾದನೆ ಏರಿತು. ಅದರ ಮುಂದಿನ ವಾರ ಒಂದು ಬೆಳಿಗ್ಗೆ, ಸೆಕೆಂಡ್ ಶಿಫ್ಟಿನವರು ಮಾಡಿಟ್ಟಿದ್ದ 60 ಪೀಸುಗಳಲ್ಲಿ 14ಕ್ಕೆ, ಸರಿಯಾದ ಬೋರಿನೊಳಗೆ ಹೋಗಲೇಬೇಕಾದ ಗೋ ಗೇಜ್ ಒಳಗೇ ಹೋಗಲಿಲ್ಲ. ಶಿಫ್ಟಿನ ದಾಖಲೆಯಲ್ಲಿ ಮಾತ್ರ ಅಷ್ಟೂ ಪೀಸುಗಳ ಅಳತೆ ಸರಿಯಿತ್ತು. ಹುಡುಗರು ಅಳೆಯದೆಯೇ ಬರೆದಿದ್ದಾರೆಂದು ಭಾವಿಸಿ ನಾನು ಎಚ್ಚರಿಕೆಯ ಪತ್ರ ಸಿದ್ಧಪಡಿಸಿದೆ.

ಆ ಪತ್ರವನ್ನು ನಾನು ಕೊಡದೆ ಉಳಿಸಿಕೊಳ್ಳಲು ಕಾರಣವಾದದ್ದು ಎರಡನೆಯ ಓದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸರ್ಕಾರ ಕಾರ್ಖಾನೆಗಳ ಸೂಪರ್‌ವೈಸರ್‌ಗಳಿಗೆಂದೇ ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಎಂಬ ತರಬೇತಿಯನ್ನು ರೂಪಿಸಿತ್ತು. ಯುದ್ಧದ ನಂತರ ಜಪಾನಿನ ಕಾರ್ಖಾನೆಗಳು ಅದನ್ನು ಅಳವಡಿಸಿಕೊಂಡವು. ಅದರ ಕೈಪಿಡಿಗಳು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಜನರೊಂದಿಗಿನ ಸಂಬಂಧವನ್ನು ಕುರಿತ ‘ಜಾಬ್ ರಿಲೇಷನ್ಸ್’ ಭಾಗ ಜೇಬಿನಲ್ಲಿಡುವ ಒಂದು ಕಾರ್ಡಿನಷ್ಟೇ ಇದೆ: ಸಂಗತಿಗಳನ್ನು ಸಂಗ್ರಹಿಸು, ತೂಗಿ ನಿರ್ಧರಿಸು, ಕ್ರಮ ಕೈಗೊಳ್ಳು, ಫಲಿತಾಂಶ ಪರಿಶೀಲಿಸು. ಸಂಗತಿಗಳೆಂದರೆ ದಾಖಲೆ ಮಾತ್ರವಲ್ಲ, ಸಂಬಂಧಪಟ್ಟವರ ಅಭಿಪ್ರಾಯ ಮತ್ತು ಭಾವನೆಗಳೂ ಸೇರಬೇಕೆಂದು ಮೊದಲ ಹಂತದಲ್ಲಿಯೇ ಬರೆದಿದೆ. ನಾನು ಯಾರನ್ನೂ ಕೇಳಿರಲಿಲ್ಲ.

ಹೇಗೆ ಕೇಳಬೇಕೆಂಬುದನ್ನು ಎಡ್ಗರ್ ಶೈನ್ ಅವರ ‘ಹಂಬಲ್ ಇನ್‌ಕ್ವೈರಿ’ಯಿಂದ ಕಲಿತೆ. ನಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ನಿಜವಾದ ಕುತೂಹಲದಿಂದ ಕೇಳುವುದು ಬೇರೆ, ನಮ್ಮ ತೀರ್ಮಾನವನ್ನೇ ಪ್ರಶ್ನೆಯ ರೂಪದಲ್ಲಿ ಎದುರಿಗಿಡುವುದು ಬೇರೆ ಎಂದು ಆ ಸಣ್ಣ ಪುಸ್ತಕ ಬಿಡಿಸಿ ತೋರಿಸುತ್ತದೆ. ‘ಗೇಜ್ ಸರಿಯಾಗಿ ಹಿಡಿಯಲಿಲ್ವಾ?’ ಎಂದು ಕೇಳಲು ಹೊರಟಿದ್ದ ನಾನು ಅಣ್ಣನ ಮಷೀನಿನ ಬಳಿ ಹೋಗಿ, ‘ಅಣ್ಣಾ, ನೀವು ಮೊದಲು ಪೀಸನ್ನ ಯಾಕೆ ಬದಿಗಿಡ್ತಿದ್ರಿ? ನನಗೆ ಗೊತ್ತಿಲ್ಲ, ಹೇಳಿ’ ಎಂದೆ.

ಅವರು ಮಾತನಾಡದೆ ಆಗತಾನೆ ತೆಗೆದ ಪೀಸನ್ನು ನನ್ನ ಅಂಗೈಯಲ್ಲಿಟ್ಟರು. ಬೆಚ್ಚಗಿತ್ತು. ಗೇಜ್ ಹಾಕಿದರೆ 30.004. ಅದನ್ನು ಸರ್ಫೇಸ್ ಪ್ಲೇಟಿನ ಮೇಲಿಟ್ಟು, ಟೀ ಕುಡಿದು ಬಂದು ಮತ್ತೆ ಅಳೆದಾಗ 29.999. ಉಕ್ಕು ಒಂದು ಡಿಗ್ರಿಗೆ ಮೀಟರಿಗೆ ಸುಮಾರು 0.012 ಮಿಲಿಮೀಟರ್, ಅಂದರೆ 12 ಮೈಕ್ರಾನ್ ಹಿಗ್ಗುತ್ತದೆ. ಪೀಸು 15 ಡಿಗ್ರಿ ಹೆಚ್ಚು ಬಿಸಿಯಿದ್ದರೆ 30 ಮಿಲಿಮೀಟರ್ ಬೋರಿನಲ್ಲಿ ಅದು ಐದು ಮೈಕ್ರಾನಿಗಿಂತ ಸ್ವಲ್ಪ ಹೆಚ್ಚು, ಅಂದರೆ ನಮಗಿದ್ದ ಟಾಲರೆನ್ಸಿನ ಕಾಲು ಭಾಗ. ಟೂಲಿನ ಕತ್ತರಿಸುವ ಮೊನೆಯಾದ ಇನ್ಸರ್ಟ್ ಸವೆದಂತೆ ಬೋರ್ ಚಿಕ್ಕದಾಗುತ್ತಾ ಬರುತ್ತದೆ. ಸೆಕೆಂಡ್ ಶಿಫ್ಟಿನ ಹೊತ್ತಿಗೆ ಕೂಲೆಂಟ್ ಕೂಡ ಕಾದಿರುತ್ತದೆ. ಕೆಳಗಿನ ಮಿತಿಯ ಹತ್ತಿರ ಬಂದ ಪೀಸುಗಳು ಬಿಸಿಯಲ್ಲಿ ಸರಿಯೆಂದು ತೋರಿ, ತಣಿದ ಮೇಲೆ ಕಿರಿದಾಗಿದ್ದವು. ಹುಡುಗರು ಅಳೆದೇ ಬರೆದಿದ್ದರು. ಅಳೆಯುವ ಹೊತ್ತನ್ನು ತಪ್ಪಾಗಿ ನಿಗದಿಮಾಡಿದವನು ನಾನು. ಎಚ್ಚರಿಕೆಯ ಪತ್ರವನ್ನು ಹರಿದುಹಾಕಿ, ಅಂದೇ ಶಿಫ್ಟ್ ಬದಲಾಗುವ ಹೊತ್ತಿಗೆ ಎರಡೂ ಶಿಫ್ಟಿನವರ ಮುಂದೆ ಆದೇಶ ನನ್ನದಾಗಿತ್ತು, ಅದು ತಪ್ಪಾಗಿತ್ತು ಎಂದು ಹೇಳಿದೆ.

ಪರಿಹಾರವನ್ನು ಇಬ್ಬರೂ ಸೇರಿ ಮಾಡಿದೆವು. ಒಂದು ಪೀಸಿಗೆ ನಾಲ್ಕು ನಿಮಿಷ ಹಿಡಿಯುತ್ತಿತ್ತು. ಮೂರು ಗುಳಿಗಳ ಟ್ರೇ ಇಟ್ಟು, ನಾಲ್ಕನೆಯ ಪೀಸು ಹೊರಬಂದಾಗ ಮೊದಲನೆಯದನ್ನು ಅಳೆಯುವಂತೆ ಮಾಡಿದರೆ 12 ನಿಮಿಷ ತಣಿಯಲು ಸಿಗುತ್ತದೆ, ಮಷೀನೂ ನಿಲ್ಲುವುದಿಲ್ಲ. ಅಳತೆ ತಪ್ಪಿದರೆ ಆ ವೇಳೆಗೆ ಇನ್ನೂ ಮೂರು ಪೀಸು ಆಗಿಹೋಗಿರುತ್ತವೆ ಎಂಬ ಅಪಾಯವನ್ನು ಅಣ್ಣನೇ ಎತ್ತಿದರು. ಆದ್ದರಿಂದ ಆಫ್‌ಸೆಟ್ಟನ್ನು 30.010ಕ್ಕೆ ಗುರಿಯಿಡುವುದು, ಇನ್ಸರ್ಟ್ ಬದಲಿಸಿದ ಮೊದಲ ಪೀಸಿಗೆ ಮಾತ್ರ ಪೂರ್ತಿ ಕಾಯುವುದು ಎಂದು ಗೊತ್ತುಮಾಡಿದೆವು. ಇದನ್ನು ‘ಜಾಬ್ ಇನ್‌ಸ್ಟ್ರಕ್ಷನ್’ ಕೈಪಿಡಿ ಹೇಳುವಂತೆ ಹಂತ ಮತ್ತು ಮುಖ್ಯ ಅಂಶ ಎಂದು ವಿಂಗಡಿಸಿ, ಪ್ರತಿಯೊಂದರ ಎದುರು ಕಾರಣವನ್ನೂ ಕನ್ನಡದಲ್ಲಿ ಬರೆದೆವು. ಸೆಕೆಂಡ್ ಶಿಫ್ಟಿನ ಹುಡುಗರಿಗೆ ಕಲಿಸಿದವರು ಅಣ್ಣ. ಮಾಡಿ ತೋರಿಸಿದರೆ ಮುಗಿಯಲಿಲ್ಲ, ಕಲಿಯುವವನು ಮಾಡುತ್ತಲೇ ಮುಖ್ಯ ಅಂಶವನ್ನು ಬಾಯಿಬಿಟ್ಟು ಹೇಳಬೇಕು ಎಂಬ ಆ ಕೈಪಿಡಿಯ ನಿಯಮವನ್ನು ಅವರು ನನಗಿಂತ ಬಿಗಿಯಾಗಿ ಪಾಲಿಸಿದರು.

ಪುಸ್ತಕದ ಎಲ್ಲ ಮಾತೂ ನಮ್ಮಲ್ಲಿ ಹಾಗೆಯೇ ನಡೆಯಲಿಲ್ಲ. ಒಳ್ಳೆಯ ಕೆಲಸವನ್ನು ಕಂಡ ಕೂಡಲೇ ಮೆಚ್ಚಿ ಹೇಳಬೇಕೆಂದು ಕಾರ್ಡಿನಲ್ಲಿದೆ. ನಾನು ಎಲ್ಲರೆದುರು ಅಣ್ಣನನ್ನು ಹೊಗಳಿದಾಗ ಅವರು ತಲೆ ತಗ್ಗಿಸಿ ಮಷೀನಿನ ಕಡೆ ತಿರುಗಿಬಿಟ್ಟರು. ತಾನು ಕಲಿಸಿದ ಹುಡುಗ ತನಗೆ ಅಂಕ ಕೊಡುವುದು ಯಾವ ಹಿರಿಯನಿಗೂ ಹಿತವಲ್ಲ. ಅಂದಿನಿಂದ ನಾನು ಹೊಗಳಿಕೆ ಬಿಟ್ಟು, ಹೊಸ ಡ್ರಾಯಿಂಗ್ ಬಂದರೆ ಪ್ಲಾನಿಂಗ್ ವಿಭಾಗಕ್ಕೆ ಉತ್ತರ ಕೊಡುವ ಮೊದಲು ಅದನ್ನು ಅವರ ಮುಂದಿಡುತ್ತೇನೆ. ಓವರ್‌ಟೈಮ್, ಗ್ರೇಡ್‌ಗಳ ಕುರಿತ ಅಸಮಾಧಾನಗಳು ಮಾತ್ರ ಎಷ್ಟು ಚೆನ್ನಾಗಿ ಕೇಳಿಸಿಕೊಂಡರೂ ನನ್ನ ಮಟ್ಟದಲ್ಲಿ ಬಗೆಹರಿಯುವಂಥವಲ್ಲ. ಇದನ್ನು ನಾನೇ ನಿಭಾಯಿಸಬಲ್ಲೆನೇ, ಮೇಲಿನವರಿಗೆ ಒಪ್ಪಿಸಬೇಕೇ ಎಂದು ಕೇಳಿಕೊಳ್ಳುವಂತೆ ಆ ಕಾರ್ಡೇ ಹೇಳುತ್ತದೆ. ನಾನು ಒಪ್ಪಿಸಿ, ಒಪ್ಪಿಸಿದ್ದೇನೆಂದು ಅಸಮಾಧಾನ ಹೇಳಿಕೊಂಡವರಿಗೂ ತಿಳಿಸುತ್ತೇನೆ.

ಓದುವವರು ಕೈಪಿಡಿಯಿಂದ ಆರಂಭಿಸಿ, ಶೈನ್ ಅವರನ್ನು ಜೊತೆಗಿಟ್ಟುಕೊಳ್ಳಲಿ. ವಾಟ್ಕಿನ್ಸ್ ಅವರದು ಆಮೇಲೆ ಸಾಕು. ಬೋರಿನ ಹಾಳೆ ಈಗಲೂ ಮಷೀನಿನ ಪಕ್ಕದಲ್ಲಿದೆ. ಕಳೆದ ತಿಂಗಳು ಅಣ್ಣ ಅದರ ಕೊನೆಯಲ್ಲಿ ಪೆನ್ಸಿಲಿನಿಂದ ಒಂದು ಸಾಲು ಸೇರಿಸಿದ್ದಾರೆ: ‘ಟ್ರೇ ಕಿಟಕಿಯ ಬಿಸಿಲಿಗೆ ಇಡಬಾರದು.’