ಕುಕ್ಕರ್ ಬಿಡಿಭಾಗ ಕೊಳ್ಳುವ ಮೊದಲು ಮುಚ್ಚಳದ ಫೋಟೋ ನೋಡಿ ಗುರುತಿಸುವ ಬಗೆ

ಪ್ರೆಶರ್ ಕುಕ್ಕರಿನ ಬಿಡಿಭಾಗ ಯಾವುದೆಂದು ಗುಂಪಿನಲ್ಲಿ ಕೇಳುವವರು ದಯವಿಟ್ಟು ಮುಚ್ಚಳದ ಮೇಲ್ಭಾಗ ಮತ್ತು ಒಳಭಾಗ ಎರಡರ ಫೋಟೋವನ್ನೂ ನೇರವಾಗಿ ಮೇಲಿನಿಂದ ತೆಗೆದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಹಾಕಿ.

ಉದಾಹರಣೆಗೆ, ಹೊರಮುಚ್ಚಳದ 5 ಲೀಟರ್ ಕುಕ್ಕರನ್ನು ನೋಡೋಣ. ನಡುವಿನ ಕೊಳವೆಯ ಮೇಲೆ ಕೂತಿರುವ, ಕೈಯಿಂದ ಎತ್ತಿ ತೆಗೆಯಬಹುದಾದ ಭಾರದ ಭಾಗವೇ ವೆಯ್ಟ್, ಅಂದರೆ ನಾವು ವಿಷಲ್ ಎನ್ನುವುದು. ಒಳಅಂಚಿನ ರಬ್ಬರ್ ಉಂಗುರ ಗ್ಯಾಸ್ಕೆಟ್. ಕೊಳವೆಯಿಂದ ಸ್ವಲ್ಪ ದೂರದಲ್ಲಿ ಕಾಣುವ ಚಿಕ್ಕ ಲೋಹದ ಗುಂಡಿಯೇ ಸೇಫ್ಟಿ ವಾಲ್ವ್. ಹಲವು ಮಾದರಿಗಳಲ್ಲಿ ಅದರ ನಡುವೆ ಬೇರೆ ಬಣ್ಣದ ಮೃದು ಲೋಹದ ಚುಕ್ಕೆ ಇರುತ್ತದೆ. ನೀರು ಬತ್ತಿಯೋ ಕೊಳವೆ ಕಟ್ಟಿಕೊಂಡೋ ಮುಚ್ಚಳ ಮಿತಿಮೀರಿ ಕಾದಾಗ ಆ ಚುಕ್ಕೆ ಕರಗಿ ಹಬೆಗೆ ದಾರಿ ಬಿಡುತ್ತದೆ. ಫೋಟೋದಲ್ಲಿ ಅಲ್ಲಿ ತೂತು ಕಂಡರೆ ವಾಲ್ವ್ ಬದಲಿಸಲೇಬೇಕು, ಜೊತೆಗೆ ಕೊಳವೆಯನ್ನು ಬೆಳಕಿಗೆ ಹಿಡಿದು ಆರಪಾರ ಕಾಣುವಂತೆ ಶುಚಿ ಮಾಡಬೇಕು. ಆ ತೂತನ್ನು ಬೋಲ್ಟಿನಿಂದಲೋ ಬೆಸುಗೆಯಿಂದಲೋ ಮುಚ್ಚುವುದು ಅತ್ಯಂತ ಅಪಾಯಕಾರಿ.

ಫೋಟೋ ಹೇಳಲಾಗದ ಸಂಗತಿಯೂ ಇದೆ. ನೋಟಕ್ಕೆ ಒಂದೇ ರೀತಿಯ ಎರಡು ವೆಯ್ಟ್‌ಗಳ ತೂಕ ಬೇರೆಯಾಗಿರಬಹುದು, ಆಗ ಹಬೆ ಹೊರಬರುವ ಒತ್ತಡವೂ ಬದಲಾಗುತ್ತದೆ. ಆದ್ದರಿಂದ ಕುಕ್ಕರಿನ ತಳದಲ್ಲೋ ಹಿಡಿಯಲ್ಲೋ ಅಚ್ಚಾಗಿರುವ ತಯಾರಕರ ಹೆಸರು, ಮಾದರಿ ಮತ್ತು ಲೀಟರಿನ ಫೋಟೋವನ್ನೂ ಸೇರಿಸಿ. ಹಳೆಯ ಗ್ಯಾಸ್ಕೆಟ್ ಹಿಗ್ಗಿರಬಹುದಾದ್ದರಿಂದ ಅದರ ಅಳತೆಯೊಂದನ್ನೇ ನಂಬಿ ಹೊಸದನ್ನು ಕೊಳ್ಳಬೇಡಿ.