ನಾರ್ಮಲ್ ಅನ್ನು ಕೈ-ಸ್ಕ್ವೇರ್‌ನ ವರ್ಗಮೂಲದಿಂದ ಭಾಗಿಸಿದರೆ ಏನು ಬರುತ್ತೆ? ಕೈಯಾರೆ ಲೆಕ್ಕ ಹಾಕೋಣ

ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಸೀಲಿ ಗೋಸೆಟ್ ಒಂದು ಕೆಲಸ ಮಾಡಿದ. 3000 ಕೈದಿಗಳ ಎತ್ತರ ಮತ್ತು ಎಡಗೈ ನಡುಬೆರಳಿನ ಉದ್ದವನ್ನು ರಟ್ಟಿನ ಚೂರುಗಳ ಮೇಲೆ ಬರೆದ. ಚೆನ್ನಾಗಿ ಕಲಸಿ, ನಾಲ್ಕು ನಾಲ್ಕರಂತೆ 750 ಗುಂಪು ಮಾಡಿದ. ಪ್ರತಿ ಗುಂಪಿನ ಸರಾಸರಿ ನಿಜವಾದ ಸರಾಸರಿಯಿಂದ ಎಷ್ಟು ದೂರ ಇದೆ ಅಂತ ನೋಡಿ, ಅದನ್ನು ಅದೇ ಗುಂಪಿನ ಸ್ಟ್ಯಾಂಡರ್ಡ್ ಡೀವಿಯೇಷನ್‌ನಿಂದ ಭಾಗಿಸಿದ. 1908ರಲ್ಲಿ 'ಸ್ಟೂಡೆಂಟ್' ಅನ್ನೋ ಹೆಸರಲ್ಲಿ ಅವನು ಬರೆದ ಪ್ರಬಂಧದಲ್ಲಿ ಇದು ಇದೆ. ನಾವೂ ಅವನ ಹಾಗೆ ನಾಲ್ಕು ಅಳತೆಯ ಗುಂಪನ್ನೇ ಹಿಡಿಯೋಣ. ಅದಕ್ಕೆ ಒಂದು ಒಳ್ಳೆ ಕಾರಣ ಇದೆ, ಮುಂದೆ ಗೊತ್ತಾಗುತ್ತೆ.

ಅಳತೆಗಳು ನಾರ್ಮಲ್ ಅಂತ ಇಟ್ಟುಕೊಳ್ಳಿ. ನಿಜವಾದ ಸರಾಸರಿ μ, ನಿಜವಾದ ಹರಡಿಕೆ σ. ನಾಲ್ಕರ ಸರಾಸರಿಯಿಂದ μ ಕಳೆದು σ/2ರಿಂದ ಭಾಗಿಸಿದರೆ ಬರೋದು ಸ್ಟ್ಯಾಂಡರ್ಡ್ ನಾರ್ಮಲ್, ಅದು Z. ಆದರೆ σ ಎಷ್ಟು ಅಂತ ನಮಗೆ ಗೊತ್ತಿಲ್ಲ ಅಲ್ವಾ? ಅದರ ಜಾಗಕ್ಕೆ ಗುಂಪಿನಿಂದಲೇ ತೆಗೆದ s ಹಾಕುತ್ತೇವೆ. ಇಲ್ಲಿ s² ಅಂದರೆ σ²·V/3, V ಅನ್ನೋದು 3 ಡಿಗ್ರಿ ಆಫ್ ಫ್ರೀಡಮ್ ಇರುವ ಕೈ-ಸ್ಕ್ವೇರ್. ನಾಲ್ಕು ವ್ಯತ್ಯಾಸಗಳನ್ನು ಅವುಗಳದ್ದೇ ಸರಾಸರಿಯಿಂದ ಅಳೆಯೋದರಿಂದ ಅವುಗಳ ಮೊತ್ತ ಸೊನ್ನೆಯೇ ಆಗಬೇಕು, ಹಾಗಾಗಿ ಒಂದು ಕಟ್ಟುಬಿದ್ದು ಮೂರು ಉಳಿಯುತ್ತವೆ. ಭಾಗಿಸುವಾಗ σ ಮೇಲೂ ಕೆಳಗೂ ಹೊಡೆದು ಹೋಗುತ್ತೆ. ಉಳಿಯೋದು ಇಷ್ಟೇ:

T = Z / √(V/3)

ಈಗ T ಯ ಸಾಂದ್ರತೆ ಬೇಕು. ಎರಡು ರ‍್ಯಾಂಡಮ್ ಸಂಖ್ಯೆಗಳು ಒಟ್ಟಿಗೆ ಅಲ್ಲಾಡುತ್ತಿವೆ, ಅದೇ ತಲೆನೋವು. ಹಾಗಾಗಿ ಒಂದನ್ನು ಹಿಡಿದು ನಿಲ್ಲಿಸಿಬಿಡಿ. ಛೇದದಲ್ಲಿರುವ V ಗೆ v ಅನ್ನೋ ಬೆಲೆ ಬಂತು, ಅದು ಇನ್ನು ಅಲ್ಲಾಡೋದಿಲ್ಲ ಅಂದುಕೊಳ್ಳಿ. Z ಮತ್ತು V ಸ್ವತಂತ್ರ ಆಗಿರೋದರಿಂದ, V ಗೊತ್ತಾದರೂ Z ಗೆ ಏನೂ ಆಗೋದಿಲ್ಲ, ಅದು ಮೊದಲಿನ ಹಾಗೆ ಸ್ಟ್ಯಾಂಡರ್ಡ್ ನಾರ್ಮಲ್ಲೇ. ಆಗ T ಅಂದರೆ Z ಅನ್ನು ಒಂದು ಸ್ಥಿರ ಸಂಖ್ಯೆಯಿಂದ ಗುಣಿಸಿದ್ದು, ಅಂದರೆ ಅದೂ ನಾರ್ಮಲ್, ವೇರಿಯನ್ಸ್ ಮಾತ್ರ 3/v. ಅದರ ಸಾಂದ್ರತೆ:

√(v/3) · (1/√(2π)) · e^(−t²v/6)

ಮುಂದಿರುವ √(v/3) ಅನ್ನು ಬಿಟ್ಟುಬಿಡಬೇಡಿ. ಜಾಸ್ತಿ ಜನ ಎಡವೋದು ಇಲ್ಲೇ. z ಇದ್ದ ಕಡೆ t√(v/3) ಅಂತ ಸುಮ್ನೆ ಬರೆದು ಮುಂದೆ ಹೋಗ್ತಾರೆ. ಆದರೆ ಅಡ್ಡಗೆರೆಯನ್ನು ಹಿಗ್ಗಿಸಿದರೆ ಅಥವಾ ಕುಗ್ಗಿಸಿದರೆ, ಒಳಗಿನ ವಿಸ್ತೀರ್ಣ 1 ಆಗಿಯೇ ಉಳಿಯಲು ಎತ್ತರವೂ ಅದಕ್ಕೆ ತಕ್ಕಂತೆ ಬದಲಾಗಬೇಕು. ಆ ಎತ್ತರದ ಲೆಕ್ಕವೇ √(v/3).

ಇನ್ನು V ಯ ಸಾಂದ್ರತೆ. 3 ಡಿಗ್ರಿಗೆ ಅದು ತುಂಬಾ ಸರಳ:

√v · e^(−v/2) / √(2π), v > 0

ಮುಂದಿನ ಹೆಜ್ಜೆ, ನಿಲ್ಲಿಸಿದ್ದನ್ನು ಬಿಡೋದು. v ಯಾವ ಬೆಲೆಯಾದರೂ ಆಗಬಹುದಿತ್ತು, ಹಾಗಾಗಿ ಪ್ರತಿ v ಗೆ ಬಂದ ನಾರ್ಮಲ್ ಅನ್ನು ಆ v ಬರುವ ಸಾಧ್ಯತೆಯಿಂದ ತೂಗಿ, ಎಲ್ಲವನ್ನೂ ಕೂಡಿಸಬೇಕು. ಅಂದರೆ ಎರಡು ಸಾಲನ್ನೂ ಗುಣಿಸಿ 0 ಯಿಂದ ∞ ವರೆಗೆ ಇಂಟಿಗ್ರೇಟ್ ಮಾಡೋದು. √v ಎರಡು ಸಲ ಬಂದಿದೆ, ಸೇರಿ v ಆಗುತ್ತೆ. e ಯ ಎರಡು ಘಾತಗಳೂ ಸೇರುತ್ತವೆ:

f(t) = 1/(2π√3) · ∫ v · e^(−bv) dv, ಇಲ್ಲಿ b = (1 + t²/3)/2

ನಾಲ್ಕರ ಗುಂಪನ್ನು ಯಾಕೆ ಹಿಡಿದೆವು ಅನ್ನೋದು ಈಗ ಕಾಣುತ್ತೆ. ಈ ಇಂಟಿಗ್ರಲ್‌ಗೆ ಗಾಮಾ ಫಂಕ್ಷನ್ ಕೂಡ ಬೇಡ, ಪಿಯುಸಿಯಲ್ಲಿ ಮಾಡುವ ಹಾಗೆ ಭಾಗಭಾಗವಾಗಿ ಮಾಡಿದರೆ ಉತ್ತರ 1/b². ಅದನ್ನು ಹಾಕಿದರೆ 4/(1 + t²/3)², ಆಮೇಲೆ

f(t) = 2/(π√3) · (1 + t²/3)^(−2)

ಮುಗಿಯಿತು. ನನಗೆ ಈ ಲೆಕ್ಕದಲ್ಲಿ ತುಂಬಾ ಇಷ್ಟವಾಗೋದು ಇದೇ: ಒಳಗೆ ಹೋಗಿದ್ದು ಎರಡು e, ಹೊರಗೆ ಬಂದಾಗ ಒಂದೂ ಇಲ್ಲ.

ಸರಿ ಬಂತಾ ಅಂತ ಹೇಗೆ ತಿಳಿಯೋದು? ವಿಸ್ತೀರ್ಣ ನೋಡಿ. (1 + t²/3)^(−2) ಅನ್ನು −∞ ಯಿಂದ ∞ ವರೆಗೆ ಇಂಟಿಗ್ರೇಟ್ ಮಾಡಿದರೆ π√3/2, ಮುಂದಿನ ಸ್ಥಿರಾಂಕದೊಂದಿಗೆ ಗುಣಿಸಿದರೆ ಸರಿಯಾಗಿ 1. ಆ √(v/3) ಮರೆತಿದ್ದರೆ ಘಾತ −2ರ ಬದಲು −3/2 ಆಗಿ, ವಿಸ್ತೀರ್ಣ ಸುಮಾರು 1.38 ಬರುತ್ತಿತ್ತು. 1ಕ್ಕಿಂತ ಜಾಸ್ತಿ ಬಂದರೆ ಎಲ್ಲಿ ತಪ್ಪಿದೆ ಅಂತ ಹುಡುಕಲು ಮೊದಲು ಆ ಸಾಲಿಗೇ ಹೋಗಿ.

ಈಗ 3ರ ಜಾಗದಲ್ಲಿ n ಹಾಕಿ. ದಾರಿ ಅದೇ. ಕೈ-ಸ್ಕ್ವೇರ್ ಕೊಡೋದು v^(n/2−1), ಎತ್ತರದ ಲೆಕ್ಕ ಕೊಡೋದು √v, ಎರಡೂ ಸೇರಿ v^((n+1)/2−1). b ಯಲ್ಲಿ 3 ಹೋಗಿ n ಬರುತ್ತೆ. ಇಂಟಿಗ್ರಲ್ ಈಗ ಗಾಮಾ ಫಂಕ್ಷನ್ ಕೇಳುತ್ತೆ, Γ((n+1)/2) / b^((n+1)/2) ಕೊಡುತ್ತೆ. 2ರ ಘಾತಗಳೆಲ್ಲ ಹೊಡೆದು ಹೋಗುತ್ತವೆ, ಒಂದು ಸಲ ನೀವೇ ಬರೆದು ನೋಡಿ. ಉಳಿಯೋದು:

f(t) = Γ((n+1)/2) / (√(nπ) · Γ(n/2)) · (1 + t²/n)^(−(n+1)/2)

ಇದೇ t ಹಂಚಿಕೆ. n = 1 ಹಾಕಿದರೆ 1/(π(1+t²)), ಅಂದರೆ ಕೋಶಿ ಹಂಚಿಕೆ, ಅದಕ್ಕೆ ಸರಾಸರಿಯೇ ಇಲ್ಲ. n ದೊಡ್ಡದಾಗುತ್ತಾ ಹೋದ ಹಾಗೆ (1 + t²/n)ರ ಆ ಘಾತ e^(−t²/2) ಕಡೆಗೆ ಹೋಗಿ ನಾರ್ಮಲ್ಲೇ ವಾಪಸ್ ಬರುತ್ತೆ.

ಚಿಕ್ಕ n ಗೆ ಎಷ್ಟು ವ್ಯತ್ಯಾಸ ಅಂತ ನೋಡಬೇಕಾ? t = 3ರಲ್ಲಿ ನಮ್ಮ n = 3ರ ಸಾಂದ್ರತೆ 2/(π√3)ರ ಹದಿನಾರನೇ ಒಂದು ಭಾಗ, ಸುಮಾರು 0.023. ನಾರ್ಮಲ್‌ನದು 0.0044. ಎರಡೂ ಬಾಲ ಸೇರಿಸಿದರೆ, 3ಕ್ಕಿಂತ ಆಚೆ ಬೀಳುವ ಸಾಧ್ಯತೆ ನಾರ್ಮಲ್‌ಗೆ 0.0027, ಇದಕ್ಕೆ 0.058. ನೂರರಲ್ಲಿ ಸುಮಾರು ಆರು ಸಲ ಬರುವುದನ್ನು ಸಾವಿರಕ್ಕೆ ಮೂರು ಸಲ ಅಂತ ತಿಳಿದುಬಿಡುವ ಅಪಾಯ ಇದು. ಕಾರಣ ಲೆಕ್ಕದಲ್ಲೇ ಇದೆ: V ಕೆಲವು ಸಲ ತುಂಬಾ ಚಿಕ್ಕದಾಗಿ ಬರುತ್ತೆ, ಆಗ Z ಸಾಧಾರಣವಾಗಿದ್ದರೂ ಭಾಗಿಸಿದ್ದು ದೊಡ್ಡದಾಗಿಬಿಡುತ್ತೆ.

ಕೊನೆಗೆ, Z ಮತ್ತು V ಸ್ವತಂತ್ರ ಅನ್ನೋ ಮಾತು. ಸರಾಸರಿ ಮತ್ತು s ಸ್ವತಂತ್ರ ಆಗಿರೋದು ಅಳತೆಗಳು ನಾರ್ಮಲ್ ಆಗಿದ್ದಾಗ ಮಾತ್ರ. ಅದು ತಪ್ಪಿದರೆ 'v ಅನ್ನು ನಿಲ್ಲಿಸಿ' ಅಂದ ಹೆಜ್ಜೆಯೇ ಕುಸಿಯುತ್ತೆ. ನಾರ್ಮಲ್ ಇದ್ದಾಗಲೂ ಇದು ಕೈಕೊಡುವ ಒಂದು ಜಾಗ ಇದೆ. ನಾಲ್ಕು ಅಳತೆಗಳಲ್ಲಿ ಒಂದು ಯಾಕೋ ದೂರ ಕಾಣುತ್ತಿದೆ ಅಂತ, ಆ ಒಂದನ್ನು ಸರಾಸರಿಯಿಂದ ಕಳೆದು s ನಿಂದ ಭಾಗಿಸಿ, t ಪಟ್ಟಿಯಲ್ಲಿ 3 ಡಿಗ್ರಿಯ ಸಾಲು ನೋಡುವವರಿದ್ದಾರೆ. ಅಲ್ಲಿ ಮೇಲಿರುವ ಅಳತೆಯೇ ಕೆಳಗಿನ s ನೊಳಗೂ ಕೂತಿದೆ. ಅದು ಎಷ್ಟೇ ದೂರ ಹೋದರೂ s ಅನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತೆ, ಭಾಗಿಸಿದ್ದು 1.5 ದಾಟುವುದೇ ಇಲ್ಲ. ಆ ಸಾಲಿನಲ್ಲಿ 5%ಕ್ಕೆ ಇರುವ ಸಂಖ್ಯೆ 3.18.