ಪಾ ಒಂದೇ ಅಲ್ಲ: ಫ್ರೆಂಚಿನಲ್ಲಿ ‘ಏನೂ ಇಲ್ಲ’, ‘ಯಾರೂ ಇಲ್ಲ’ ಹೇಳುವುದು ಹೇಗೆ?

ಫ್ರೆಂಚ್ ಕಲಿಯಲು ಕೂತವರಿಗೆ ಮೊದಲ ವಾರದಲ್ಲೇ ‘ನ... ಪಾ’ ಜೋಡಿ ಬಾಯಿಗೆ ಬಂದಿರುತ್ತದೆ. ಕ್ರಿಯಾಪದದ ಮುಂದೆ ‘ನ’, ಹಿಂದೆ ‘ಪಾ’ ಇಟ್ಟರೆ ವಾಕ್ಯ ‘ಇಲ್ಲ’ ಆಯಿತು. ತೊಡಕು ಶುರುವಾಗುವುದು ‘ನಾನು ಏನೂ ನೋಡಲಿಲ್ಲ’ ಎಂದು ಹೇಳಬೇಕಾದಾಗ. ಕನ್ನಡದವರು ‘ಏನೂ’ಗೆ ‘ರಿಯಾಂ’ ಹಾಕಿ, ‘ಇಲ್ಲ’ಕ್ಕೆ ‘ಪಾ’ವನ್ನೂ ಸೇರಿಸಿಬಿಡುತ್ತಾರೆ. ನಮ್ಮಲ್ಲಿ ‘ಏನೂ’ ಬಂದರೂ ‘ಇಲ್ಲ’ ಬೇಕೇ ಬೇಕಲ್ಲ! ಆದರೆ ಫ್ರೆಂಚಿನಲ್ಲಿ ‘ಇಲ್ಲ’ದ ಪಾಲು ‘ನ’ದ್ದು. ‘ಪಾ’ ಅದರ ಜೊತೆಗಾರ ಮಾತ್ರ. ‘ರಿಯಾಂ’ ಬಂದು ಕೂತ ಕುರ್ಚಿಯಿಂದ ‘ಪಾ’ ಏಳಲೇಬೇಕು.

ಈ ಪದಗಳ ಹಿನ್ನೆಲೆ ಗೊತ್ತಿದ್ದರೆ ನಿಯಮ ತಾನಾಗಿಯೇ ನೆನಪಿರುತ್ತದೆ. ‘ಪಾ’ ಅಂದರೆ ಮೂಲದಲ್ಲಿ ಹೆಜ್ಜೆ, ‘ರಿಯಾಂ’ ಅಂದರೆ ವಸ್ತು, ‘ಪೆರ್ಸೊನ್’ ಅಂದರೆ ವ್ಯಕ್ತಿ. ಯಾವುದರಲ್ಲೂ ‘ಇಲ್ಲ’ ಎಂಬ ಅರ್ಥ ಇರಲಿಲ್ಲ, ‘ನ’ದ ಸಹವಾಸದಲ್ಲಿ ಬಂತು. ಈಗ ‘ರಿಯಾಂ’ ಎಂದರೆ ಏನೂ, ‘ಪೆರ್ಸೊನ್’ ಎಂದರೆ ಯಾರೂ, ‘ಜಾಮೆ’ ಎಂದರೆ ಯಾವತ್ತೂ, ‘ಪ್ಲ್ಯು’ ಎಂದರೆ ಇನ್ನು ಮುಂದೆ.

ಇಲ್ಲಿನ ‘ಪ್ಲ್ಯು’, ಮುಂದೆ ಬರುವ ‘ವ್ಯು’ಗಳಲ್ಲಿರುವ ಸ್ವರಕ್ಕೆ ಬಾಯಲ್ಲಿ ‘ಈ’ ಅನ್ನುತ್ತಲೇ ತುಟಿಯನ್ನು ‘ಊ’ಗೆ ಮಾಡಿದಂತೆ ಮುಂದೆ ಚಾಚಬೇಕು. ‘ನ’ ಆದಮೇಲೆ ಸ್ವರ ಬಂದರೆ ನಮ್ಮ ಲೋಪಸಂಧಿಯ ಹಾಗೆ ಅದರ ಕೊನೆಯ ಸ್ವರ ಬಿದ್ದುಹೋಗುತ್ತದೆ. ‘ನ’ ಮತ್ತು ‘ಎ’ ಸೇರಿ ‘ನೆ’. ಬರೆಯುವಾಗ ಬಿದ್ದ ಅಕ್ಷರದ ಜಾಗದಲ್ಲಿ ಅಪಾಸ್ಟ್ರಫಿ ಹಾಕಬೇಕು.

ಈಗ ವಾಕ್ಯ ಕಟ್ಟೋಣ. ‘ನೋಡಿದೆ’ ಎನ್ನಲು ‘ಜೆ ವ್ಯು’. ಇದರಲ್ಲಿ ‘ಜ’ (ನಾನು) ಮತ್ತು ಸಹಾಯಕ ಕ್ರಿಯಾಪದ ‘ಎ’ ಕೂಡಿಕೊಂಡಿವೆ, ‘ವ್ಯು’ ಎಂಬುದು ‘ನೋಡಿದ’ ಎಂಬ ಕೃದಂತ. ಮೊದಲು ಸಹಾಯಕ ಕ್ರಿಯಾಪದದ ಮುಂದೆ ‘ನ’ ಇಡಿ: ‘ಜ ನೆ... ವ್ಯು’. ಆಮೇಲೆ ‘ರಿಯಾಂ’ ಅನ್ನು ನಡುವಿನ ಖಾಲಿ ಜಾಗಕ್ಕೆ ತೂರಿಸಿ: ‘ಜ ನೆ ರಿಯಾಂ ವ್ಯು’, ಏನೂ ನೋಡಲಿಲ್ಲ. ‘ಜಾಮೆ’, ‘ಪ್ಲ್ಯು’ ಕೂಡ ‘ಪಾ’ದಂತೆ ಇದೇ ಜಾಗದಲ್ಲಿ ಕೂರುತ್ತವೆ.

‘ಪೆರ್ಸೊನ್’ ಮಾತ್ರ ಅಲ್ಲಿ ಕೂರುವುದಿಲ್ಲ. ‘ಯಾರನ್ನೂ ನೋಡಲಿಲ್ಲ’ ಅನ್ನಲು ‘ಜ ನೆ ವ್ಯು ಪೆರ್ಸೊನ್’ ಎಂದೇ ಹೇಳಬೇಕು, ಕೃದಂತ ಮುಗಿದ ಮೇಲೆ. ‘ಮಾರಿಯನ್ನು ನೋಡಿದೆ’ ಎಂಬ ವಾಕ್ಯದಲ್ಲಿ ಮಾರಿ ಎಲ್ಲಿ ನಿಲ್ಲುತ್ತಾಳೋ ‘ಪೆರ್ಸೊನ್’ ಅಲ್ಲೇ ನಿಲ್ಲುತ್ತದೆ ಎಂದುಕೊಳ್ಳಿ. ಕ್ರಿಯಾಪದದ ಮೂಲರೂಪದಲ್ಲೂ ಇದೇ ಭೇದ: ಏನೂ ಹೇಳದಿರುವುದು ‘ನ ರಿಯಾಂ ದಿರ್’, ಎರಡೂ ಮುಂದೆ. ಯಾರನ್ನೂ ನೋಡದಿರುವುದು ‘ನ ವ್ವಾರ್ ಪೆರ್ಸೊನ್’, ಒಂದು ಮುಂದೆ, ಒಂದು ಹಿಂದೆ. ವರ್ಷಗಟ್ಟಲೆ ಕಲಿತವರೂ ಎಡವುವ ಜಾಗ ಇದು, ಹಾಗಾಗಿ ಈ ನಾಲ್ಕು ವಾಕ್ಯಗಳನ್ನು ಬಾಯಿಪಾಠ ಮಾಡಿಬಿಡುವುದೇ ಮೇಲು.

‘ಯಾರೂ’, ‘ಏನೂ’ ಕರ್ತೃವಾದರೆ ವಾಕ್ಯದ ತಲೆಗೆ ಹೋಗುತ್ತವೆ. ‘ಪೆರ್ಸೊನ್ ನೆ ವನ್ಯು’, ಯಾರೂ ಬರಲಿಲ್ಲ. ‘ರಿಯಾಂ ನ ಮಾರ್ಶ್’, ಯಾವುದೂ ಕೆಲಸ ಮಾಡುತ್ತಿಲ್ಲ. ತಲೆಯಲ್ಲಿ ‘ಪೆರ್ಸೊನ್’ ಬಂತಲ್ಲ ಎಂದು ಬರೆಯುವಾಗ ‘ನ’ ಮರೆಯುವವರು ಬಹಳ. ‘ವ್ಯಕ್ತಿ’ ಎಂಬ ಅರ್ಥದ ‘ಪೆರ್ಸೊನ್’ ಸ್ತ್ರೀಲಿಂಗ, ‘ಯಾರೂ’ ಎಂಬ ಅರ್ಥದ್ದು ಸಾಮಾನ್ಯವಾಗಿ ಪುಲ್ಲಿಂಗ. ಆದ್ದರಿಂದ ಇಲ್ಲಿ ‘ವನ್ಯು’ವಿನ ಕೊನೆಗೆ ಸ್ತ್ರೀಲಿಂಗದ ‘ಇ’ ಅಕ್ಷರ ಹಚ್ಚಬಾರದು. ಉಚ್ಚಾರಣೆ ಎರಡಕ್ಕೂ ಒಂದೇ ಆದ್ದರಿಂದ ತಪ್ಪು ಕಿವಿಗೆ ಬೀಳುವುದಿಲ್ಲ, ಕಾಗದದ ಮೇಲಷ್ಟೇ ಕಾಣುತ್ತದೆ.

‘ಪ್ಲ್ಯು’ ವಿಷಯದಲ್ಲಿ ಕನ್ನಡ ನಮ್ಮ ಕೈ ಹಿಡಿಯುತ್ತದೆ. ‘ಅವನು ಇನ್ನೂ ಬರಲ್ಲ’ ಎಂದರೆ ಬರುವ ಹೊತ್ತು ಆಗಿಲ್ಲ. ‘ಅವನು ಇನ್ನು ಬರಲ್ಲ’ ಎಂದರೆ ಕಾಯುವುದು ಬೇಡ. ಒಂದು ದೀರ್ಘದ ವ್ಯತ್ಯಾಸ ಅಷ್ಟೆ. ಫ್ರೆಂಚಿನಲ್ಲಿ ಮೊದಲನೆಯದಕ್ಕೆ ‘ಪಾ ಆಂಕೊರ್’, ಎರಡನೆಯದಕ್ಕೆ ‘ಪ್ಲ್ಯು’. ‘ಇಲ್ ನ ತ್ರಾವಾಯ್ ಪಾ ಆಂಕೊರ್’ ಎಂದರೆ ಅವನಿಗೆ ಇನ್ನೂ ಕೆಲಸ ಸಿಕ್ಕಿಲ್ಲ ಅಥವಾ ಶುರು ಮಾಡಿಲ್ಲ. ‘ಇಲ್ ನ ತ್ರಾವಾಯ್ ಪ್ಲ್ಯು’ ಎಂದರೆ ಮೊದಲು ಮಾಡುತ್ತಿದ್ದ, ಈಗ ಇಲ್ಲ.

ಅಪಾಯ ಇರುವುದು ಮಾತಿನಲ್ಲಿ. ಫ್ರೆಂಚರು ಮಾತಾಡುವಾಗ ‘ನ’ವನ್ನು ನುಂಗಿಬಿಡುತ್ತಾರೆ. ಊಟದ ಮೇಜಿನಲ್ಲಿ ‘ಜಾಂ ವೊ ಪ್ಲ್ಯು’ ಎಂದರೆ ‘ಸಾಕು, ಇನ್ನು ಬೇಡ’. ಅದನ್ನೇ ಕೊನೆಯ ‘ಎಸ್’ ಉಚ್ಚರಿಸಿ ‘ಜಾಂ ವೊ ಪ್ಲ್ಯುಸ್’ ಎಂದರೆ ‘ಇನ್ನಷ್ಟು ಬಡಿಸಿ’! ನಿಷೇಧದಲ್ಲಿ ಆ ‘ಎಸ್’ ಬಾಯಿಗೆ ಬರಬಾರದು. ಕಲಿಯುವವರು ಮಾತಿನಲ್ಲೂ ‘ನ’ ಉಳಿಸಿಕೊಂಡರೆ ಈ ಗೊಂದಲವೇ ಇಲ್ಲ. ಬರವಣಿಗೆಯಲ್ಲಂತೂ ಬಿಡುವ ಹಾಗೇ ಇಲ್ಲ.

ಈ ಪದಗಳು ‘ಪಾ’ವನ್ನು ಸಹಿಸದಿದ್ದರೂ ತಮ್ಮತಮ್ಮಲ್ಲಿ ಹೊಂದಿಕೊಂಡು ಹೋಗುತ್ತವೆ. ‘ಇಲ್ ನಿಯಾ ಪ್ಲ್ಯು ರಿಯಾಂ’, ಇನ್ನೇನೂ ಉಳಿದಿಲ್ಲ. ‘ಪ್ಲ್ಯು ಜಾಮೆ’, ಇನ್ನೆಂದೂ ಇಲ್ಲ.

ಉಳಿದದ್ದು ‘ನ... ಕ’. ನೋಡಲು ನಿಷೇಧ, ಅರ್ಥದಲ್ಲಿ ‘ಮಾತ್ರ’. ‘ಜ ನ ಬ್ವಾ ಕ ದ್ಯು ತೆ’ ಎಂಬುದನ್ನು ‘ನಾನು ಟೀ ಬಿಟ್ಟರೆ ಬೇರೇನೂ ಕುಡಿಯಲ್ಲ’ ಎಂದು ಓದಿಕೊಂಡರೆ ಒಳಗಿನ ಕಟ್ಟು ತಿಳಿಯುತ್ತದೆ: ‘ಕ’ ಅಂದರೆ ‘ಬಿಟ್ಟರೆ’. ಟೀ ಕುಡಿಯುವುದಂತೂ ನಿಜ. ಆದ್ದರಿಂದಲೇ ಟೀ ಮುಂದಿನ, ‘ಒಂದಿಷ್ಟು’ ಎಂಬ ಅರ್ಥದ ‘ದ್ಯು’ ಹಾಗೇ ಉಳಿಯುತ್ತದೆ. ‘ಟೀ ಕುಡಿಯಲ್ಲ’ ಎನ್ನುವಾಗ ಟೀ ಇಲ್ಲವೇ ಇಲ್ಲ, ಆಗ ‘ದ್ಯು’ ಕುಗ್ಗಿ ‘ದ’ ಆಗುತ್ತದೆ: ‘ಜ ನ ಬ್ವಾ ಪಾ ದ ತೆ’. ‘ಪ್ಲ್ಯು’, ‘ಜಾಮೆ’ ಬಂದರೂ ‘ದ’ವೇ. ‘ಕ’ ಆದಮೇಲೆ ‘ದ’ ಬರೆದಿದ್ದರೆ, ಬರೆದವರು ಇದನ್ನು ನಿಷೇಧ ಎಂದೇ ತಿಳಿದಿದ್ದಾರೆ ಎಂದರ್ಥ.

‘ಕ’ ಮಿಕ್ಕವುಗಳಂತೆ ಒಂದೇ ಕಡೆ ನಿಲ್ಲುವುದಿಲ್ಲ. ಯಾವುದಕ್ಕೆ ‘ಮಾತ್ರ’ ಹಚ್ಚಬೇಕೋ ಅದರ ಮುಂದೆ ಬರುತ್ತದೆ. ‘ಜ ನೆ ಮಾಂಜೆ ಕ ದ್ಯು ರಿ’ ಎಂದರೆ ಅನ್ನ ಮಾತ್ರ ತಿಂದೆ. ಅದೇ ‘ಕ’ವನ್ನು ವಾಕ್ಯದ ಕೊನೆಯ ಕಡೆಗೆ ಸರಿಸಿ ‘ಜ ನೆ ಮಾಂಜೆ ದ್ಯು ರಿ ಕಾ ಮಿದಿ’ ಎಂದರೆ ಅನ್ನ ತಿಂದದ್ದು ಮಧ್ಯಾಹ್ನ ಮಾತ್ರ. ಇಲ್ಲಿನ ‘ಕಾ’ ಎಂಬುದು ‘ಕ’ ಮತ್ತು ‘ಆ’ ಸೇರಿದ್ದು. ಮುಖ್ಯ ಕ್ರಿಯೆಗೇ ‘ಮಾತ್ರ’ ಬೇಕಾದರೆ ‘ಮಾಡು’ ಎಂಬ ಕ್ರಿಯಾಪದವನ್ನು ಎರವಲು ತರಬೇಕು. ‘ಇಲ್ ನ ಫೆ ಕ ದೊರ್ಮಿರ್’, ಅವನು ನಿದ್ದೆ ಬಿಟ್ಟರೆ ಬೇರೇನೂ ಮಾಡಲ್ಲ. ‘ಮಾರಿ ಮಾತ್ರ ಬಂದಳು’ ಎಂದು ಕರ್ತೃವಿಗೆ ಹಚ್ಚಬೇಕಾದರೆ ‘ಕ’ವನ್ನು ನೇರವಾಗಿ ಬಳಸಲು ಬರುವುದಿಲ್ಲ, ‘ಸಲ್ ಮಾರಿ ಎ ವನ್ಯು’ ಅನ್ನಿ.

ಹೊರಗೆ ಕಳಿಸಿದ ‘ಪಾ’ ಮತ್ತೆ ಒಳಗೆ ಬರುವುದು ಈ ‘ಕ’ದ ಜೊತೆಗೇ. ‘ಇಲ್ ನಿಯಾ ಕ ದ್ಯು ತೆ’ ಎಂದರೆ ಇರುವುದು ಟೀ ಒಂದೇ. ‘ಇಲ್ ನಿಯಾ ಪಾ ಕ ದ್ಯು ತೆ’ ಎಂದರೆ ಟೀ ಒಂದೇ ಅಲ್ಲ, ಬೇರೆಯೂ ಇದೆ.